ರೆಕ್ಕೆಯಿಲ್ಲದ ರಾಕೆಟ್ ತಿರುಗುವುದು ಹೇಗೆ?

ವಿಮಾನ ದಿಕ್ಕು ಬದಲಿಸಲು ಗಾಳಿ ಬೇಕು. ಬಾಲದ ಫಲಕ ಕೊಂಚ ಓರೆಯಾದರೆ ಹರಿದು ಬರುವ ಗಾಳಿ ಅದನ್ನು ಒತ್ತುತ್ತದೆ, ಆ ಒತ್ತಡಕ್ಕೆ ವಿಮಾನ ತಿರುಗುತ್ತದೆ. ರಾಕೆಟ್ಟಿಗೆ ಈ ಸೌಕರ್ಯ ಸಿಗುವುದು ಸ್ವಲ್ಪ ಹೊತ್ತು ಮಾತ್ರ. ಉಡಾವಣೆಯ ಮೊದಲ ಕ್ಷಣಗಳಲ್ಲಿ ವೇಗವೇ ಇರುವುದಿಲ್ಲ, ಆದ್ದರಿಂದ ಫಲಕವಿದ್ದರೂ ಅದರ ಮೇಲೆ ಒತ್ತಡ ಬೀಳುವುದಿಲ್ಲ. ಕೆಲವು ನಿಮಿಷಗಳಲ್ಲಿ ವೇಗ ಬೇಕಾದಷ್ಟು ಬಂದಿರುತ್ತದೆ, ಆದರೆ ಅಷ್ಟರಲ್ಲಿ ಗಾಳಿಯೇ ಹಿಂದೆ ಉಳಿದಿರುತ್ತದೆ. ಹಾಗಾಗಿ ದೊಡ್ಡ ರಾಕೆಟ್‌ಗಳು ದಿಕ್ಕಿಗೂ ಎಂಜಿನ್ನನ್ನೇ ನಂಬುತ್ತವೆ. ಮೇಲಕ್ಕೆ ನೂಕುವ ಬಲದ ರೇಖೆಯನ್ನು ಒಂದಿಷ್ಟು ಓರೆ ಮಾಡಿದರೆ ಅದೇ ಬಲ ತಿರುಗಿಸುವ ಕೆಲಸವನ್ನೂ ಮಾಡುತ್ತದೆ.

ನೂಕುಬಲದ ರೇಖೆ ರಾಕೆಟ್ಟಿನ ದ್ರವ್ಯರಾಶಿ ಕೇಂದ್ರದ ಮೂಲಕ ಹಾದುಹೋದರೆ ರಾಕೆಟ್ ತಿರುಗದೆ ಮುಂದೆ ಸಾಗುತ್ತದೆ. ಆ ರೇಖೆ ಕೇಂದ್ರವನ್ನು ತಪ್ಪಿಸಿ ಪಕ್ಕದಲ್ಲಿ ಹಾದರೆ ಕೇಂದ್ರದ ಸುತ್ತ ತಿರುಗತೊಡಗುತ್ತದೆ. ಎಂಜಿನ್ನಿನ ಬಾಯಿ ಎಡಕ್ಕೆ ಹೊರಳಿದರೆ ಬಾಲದ ಮೇಲಿನ ಬಲ ಬಲಕ್ಕೆ ವಾಲುತ್ತದೆ. ಬಾಲ ಬಲಕ್ಕೆ ಸರಿಯುತ್ತದೆ, ಮೂತಿ ಎಡಕ್ಕೆ ಬಾಗುತ್ತದೆ. ಅಂದರೆ ಬೆಂಕಿ ಯಾವ ಕಡೆಗೆ ಹೊರಳಿತೋ ಮೂತಿಯೂ ಆ ಕಡೆಗೇ ತಿರುಗುತ್ತದೆ.

ಎಂಜಿನ್ ಮೇಲಿದ್ದು ಟ್ಯಾಂಕುಗಳು ಕೆಳಗೆ ತೂಗುತ್ತಿದ್ದರೆ ರಾಕೆಟ್ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ ಎಂಬ ಊಹೆ ಮೊದಮೊದಲು ಬಲವಾಗಿತ್ತು. ರಾಬರ್ಟ್ ಗೊಡ್ಡಾರ್ಡ್ 1926ರ ಮಾರ್ಚ್ 16ರಂದು ಅಮೆರಿಕದ ಆಬರ್ನ್‌ನಲ್ಲಿ ಹಾರಿಸಿದ ಮೊದಲ ದ್ರವ ಇಂಧನ ರಾಕೆಟ್ಟಿನಲ್ಲಿ ಎಂಜಿನ್ ಇದ್ದದ್ದು ತುದಿಯಲ್ಲೇ. ಈ ಊಹೆ ಸರಿಯಲ್ಲ. ತೂಗುವ ವಸ್ತುವನ್ನು ಹಿಡಿದಿರುವ ದಾರ ಯಾವಾಗಲೂ ಮೇಲಕ್ಕೇ ಎಳೆಯುತ್ತದೆ. ಎಂಜಿನ್ನಾದರೋ ರಾಕೆಟ್ಟಿಗೆ ಬಿಗಿದಿರುತ್ತದೆ. ರಾಕೆಟ್ ವಾಲಿದರೆ ನೂಕುಬಲವೂ ಅದರ ಜೊತೆಗೇ ವಾಲುತ್ತದೆ, ಸರಿಪಡಿಸುವ ಬಲ ಎಲ್ಲಿಂದಲೂ ಬರುವುದಿಲ್ಲ. ಎಂಜಿನ್ ಮೇಲಿರಲಿ ಕೆಳಗಿರಲಿ, ಯಾರಾದರೂ ಅದನ್ನು ಹೊರಳಿಸುತ್ತಲೇ ಇರಬೇಕು.

ಹೊರಳಿಸುವುದಕ್ಕೆ ಮುನ್ನ ಇನ್ನೊಂದು ದಾರಿ ಬಳಕೆಯಲ್ಲಿತ್ತು. ಎರಡನೇ ಮಹಾಯುದ್ಧದ ಜರ್ಮನಿಯ ವಿ-2 ರಾಕೆಟ್ಟಿನಲ್ಲಿ ಎಂಜಿನ್ ಅಲುಗಾಡುತ್ತಿರಲಿಲ್ಲ. ಅದರ ಬೆಂಕಿಯ ಹರಿವಿನೊಳಗೇ ಗ್ರಾಫೈಟ್ ಫಲಕಗಳನ್ನು ಇಳಿಬಿಟ್ಟು ಹರಿವನ್ನು ತಿರುಗಿಸುತ್ತಿದ್ದರು. ಕೆಲಸವೇನೋ ಆಗುತ್ತಿತ್ತು. ಆದರೆ ಫಲಕಗಳು ಸವೆಯುತ್ತಿದ್ದವು, ತಿರುಗಿಸುವ ಅಗತ್ಯವಿಲ್ಲದಾಗಲೂ ಹರಿವಿಗೆ ಅಡ್ಡ ನಿಂತು ನೂಕುಬಲವನ್ನು ತಿನ್ನುತ್ತಿದ್ದವು. ಯುದ್ಧದ ನಂತರ ಅಮೆರಿಕದ ನೌಕಾದಳದ ವೈಕಿಂಗ್ ರಾಕೆಟ್ 1949ರಲ್ಲಿ ಹಾರಿದಾಗ ಇಡೀ ಎಂಜಿನ್ನೇ ಹೊರಳುತ್ತಿತ್ತು. ದ್ರವ ಇಂಧನದ ದೊಡ್ಡ ರಾಕೆಟ್‌ಗಳಲ್ಲಿ ಇಂದಿಗೂ ಹೆಚ್ಚಾಗಿ ಕಾಣುವುದು ಈ ಗಿಂಬಲ್ ವ್ಯವಸ್ಥೆಯೇ.

ಎಷ್ಟು ಹೊರಳಬೇಕು? ಭಾರತದ ಪಿಎಸ್‌ಎಲ್‌ವಿಯ ಎರಡನೇ ಹಂತದಲ್ಲಿರುವ ವಿಕಾಸ್ ಎಂಜಿನ್ನನ್ನು ನೋಡಬಹುದು. ನಿರ್ವಾತದಲ್ಲಿ ಅದರ ನೂಕುಬಲ ಸುಮಾರು 800 ಕಿಲೋನ್ಯೂಟನ್, ಹೊರಳುವ ಮಿತಿ ಎರಡೂ ಕಡೆಗೆ 4 ಡಿಗ್ರಿ. ಒಂದೇ ಡಿಗ್ರಿ ಹೊರಳಿದರೂ 14 ಕಿಲೋನ್ಯೂಟನ್ ಬಲ, ಅಂದರೆ ಸುಮಾರು 1.4 ಟನ್ ತೂಕದಷ್ಟು ಬಲ, ಬಾಲವನ್ನು ಪಕ್ಕಕ್ಕೆ ತಳ್ಳುತ್ತದೆ. ಪೂರ್ತಿ 4 ಡಿಗ್ರಿಗೆ ಇದು 56 ಕಿಲೋನ್ಯೂಟನ್ ಆಗುತ್ತದೆ. ದ್ರವ್ಯರಾಶಿ ಕೇಂದ್ರ ಅಲ್ಲಿಂದ ಎಷ್ಟು ಮೀಟರ್ ಮೇಲಿದೆಯೋ ಅಷ್ಟರಿಂದ ಗುಣಿಸಿದರೆ ತಿರುಗಿಸುವ ಸಾಮರ್ಥ್ಯ ಸಿಗುತ್ತದೆ. ಇದಕ್ಕಾಗಿ ಮುಂದಕ್ಕೆ ನೂಕುವ ಬಲದಲ್ಲಿ ಕಳೆದುಕೊಳ್ಳುವುದು ಸುಮಾರು 2 ಕಿಲೋನ್ಯೂಟನ್, ಅಂದರೆ ನಾನೂರರಲ್ಲಿ ಒಂದು ಪಾಲು. ಅದೂ ಎಂಜಿನ್ ಹೊರಳಿರುವಷ್ಟು ಹೊತ್ತು ಮಾತ್ರ. ಇಷ್ಟು ಅಗ್ಗದ ಚುಕ್ಕಾಣಿ ಬೇರೆ ಯಾವ ವಾಹನಕ್ಕೂ ಸಿಕ್ಕಿರಲಾರದು.

ಅಗ್ಗವೆಂದರೆ ಇಂಧನದ ಲೆಕ್ಕದಲ್ಲಿ ಅಷ್ಟೆ, ಯಂತ್ರದ ಲೆಕ್ಕದಲ್ಲಲ್ಲ. ಎಂಜಿನ್ನಿನ ತಲೆಯ ಮೇಲೆ ಕೂರುವ ಕೀಲು ಇಡೀ ನೂಕುಬಲವನ್ನು ಹೊತ್ತುಕೊಂಡೇ ಎರಡು ದಿಕ್ಕಿನಲ್ಲಿ ಬಾಗಬೇಕು. ಒಂದಕ್ಕೊಂದು ಲಂಬವಾಗಿ ಜೋಡಿಸಿದ ಎರಡು ಆಕ್ಟುಯೇಟರ್‌ಗಳು ಎಂಜಿನ್ನನ್ನು ತಳ್ಳುತ್ತ ಎಳೆಯುತ್ತ ಇರುತ್ತವೆ. ಇವು ಎಣ್ಣೆಯ ಒತ್ತಡದಿಂದಲೋ ವಿದ್ಯುತ್ ಮೋಟಾರಿನಿಂದಲೋ ನಡೆಯುತ್ತವೆ. ಚಂದ್ರಯಾನಕ್ಕೆ ಬಳಸಿದ ಅಮೆರಿಕದ ಸ್ಯಾಟರ್ನ್-5ರ ಮೊದಲ ಹಂತದಲ್ಲಿ ಬೇರೆ ಎಣ್ಣೆಯನ್ನೇ ಒಯ್ಯಲಿಲ್ಲ. ಎಂಜಿನ್ನಿಗೆ ಹೋಗುವ ಸೀಮೆಎಣ್ಣೆಯ ಒತ್ತಡದಿಂದಲೇ ಆಕ್ಟುಯೇಟರ್‌ಗಳನ್ನು ನಡೆಸಿದರು. ಎಂಜಿನ್ ಹೊರಳುವಾಗ ಇಂಧನದ ಕೊಳವೆಗಳೂ ಬಾಗಬೇಕು. ಅದಕ್ಕಾಗಿ ಅವುಗಳಲ್ಲಿ ಮಡಿಕೆ ಮಡಿಕೆಯಾದ ಲೋಹದ ಬೆಲ್ಲೋಸ್ ತುಂಡುಗಳಿರುತ್ತವೆ.

ನಿಜವಾದ ಕಷ್ಟ ಇರುವುದು ಯಾವಾಗ, ಎಷ್ಟು ಹೊರಳಿಸಬೇಕೆಂಬ ತೀರ್ಮಾನದಲ್ಲಿ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟದಲ್ಲಿ ಕೋಲು ವಾಲಿದ ಕಡೆಗೆ ಕೈ ಓಡಬೇಕು, ಓಡಿದ ಕೈ ಸಕಾಲದಲ್ಲಿ ಹಿಂದಕ್ಕೂ ಬರಬೇಕು. ರಾಕೆಟ್ಟಿನದೂ ಇದೇ ಪಾಡು. ಎಂಜಿನ್ ಎಡಕ್ಕೆ ಹೊರಳಿ ಮೂತಿ ಎಡಕ್ಕೆ ತಿರುಗತೊಡಗಿತು ಅನ್ನೋಣ. ಈಗ ಎಂಜಿನ್ ನೇರವಾದರೂ ತಿರುಗುವುದು ನಿಲ್ಲದು, ತಡೆಯಲು ಗಾಳಿಯಿಲ್ಲ. ಆದ್ದರಿಂದ ಎಂಜಿನ್ ಒಮ್ಮೆ ಬಲಕ್ಕೆ ಹೊರಳಿ ಆ ತಿರುಗಾಟವನ್ನು ಕೊಂದು ಆಮೇಲೆ ನೇರವಾಗಬೇಕು. ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಎಡಕ್ಕೆ ಸಾಗಬೇಕಾದ ರಾಕೆಟ್ಟನ್ನು ಬಾಲದ ಬಲ ಮೊದಲು ಬಲಕ್ಕೇ ತುಸು ತಳ್ಳುತ್ತದೆ. ಮೂತಿ ಎಡಕ್ಕೆ ವಾಲಿ, ಪೂರ್ಣ ನೂಕುಬಲ ಆ ದಿಕ್ಕಿಗೆ ಬಂದ ಮೇಲಷ್ಟೇ ಅದು ಎಡಕ್ಕೆ ಹೊರಡುತ್ತದೆ. ಅವಸರದ ನಿಯಂತ್ರಕ ಈ ಮೊದಲ ಹೆಜ್ಜೆಯನ್ನು ನೋಡಿ ಇನ್ನಷ್ಟು ಹೊರಳಿಸಿದರೆ ಕೆಲಸ ಕೆಡುತ್ತದೆ. ಅದಕ್ಕೇ ಕಂಪ್ಯೂಟರ್ ರಾಕೆಟ್ ಎಷ್ಟು ವಾಲಿದೆ, ಎಷ್ಟು ವೇಗವಾಗಿ ವಾಲುತ್ತಿದೆ ಎಂಬ ಎರಡನ್ನೂ ಗೈರೋಸ್ಕೋಪ್‌ಗಳಿಂದ ಪಡೆದು ಸೆಕೆಂಡಿಗೆ ಹಲವಾರು ಬಾರಿ ಹೊಸ ಆದೇಶ ಕೊಡುತ್ತದೆ.

ಒಂಟಿ ಎಂಜಿನ್ನಿನಿಂದ ಒಂದು ಕೆಲಸ ಮಾತ್ರ ಆಗದು. ಮೂತಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಬಹುದು, ಆದರೆ ರಾಕೆಟ್ ತನ್ನದೇ ಉದ್ದದ ಸುತ್ತ ಬುಗುರಿಯಾಡುವುದನ್ನು ತಡೆಯಲಾಗದು. ಬಲ ಹುಟ್ಟುವುದು ಆ ಅಕ್ಷದ ಮೇಲೇ ಆದ್ದರಿಂದ ಹಿಡಿತ ಸಿಗುವುದಿಲ್ಲ. ಎರಡು ಎಂಜಿನ್‌ಗಳಿದ್ದರೆ ಒಂದನ್ನು ಆ ಕಡೆ, ಇನ್ನೊಂದನ್ನು ಈ ಕಡೆ ಹೊರಳಿಸಿ ಇದನ್ನೂ ಸಾಧಿಸಬಹುದು. ಪಿಎಸ್‌ಎಲ್‌ವಿಯ ನಾಲ್ಕನೇ ಹಂತದ ಜೋಡಿ ಎಂಜಿನ್‌ಗಳು ಹಾಗೆಯೇ ಮಾಡುತ್ತವೆ. ಎರಡನೇ ಹಂತದ ಒಂಟಿ ವಿಕಾಸ್‌ಗೆ ಮಾತ್ರ ಬಿಸಿ ಅನಿಲ ಉಗುಳುವ ಪ್ರತ್ಯೇಕ ಸಾಧನದ ಸಹಾಯ ಬೇಕು.

ಇಷ್ಟೆಲ್ಲ ಸರಿಯಾಗಿದ್ದೂ ಹಾರಾಟ ಕೆಡಬಹುದು ಎಂಬುದಕ್ಕೆ 2007ರ ಮಾರ್ಚ್ 21ರ ಘಟನೆ ಒಳ್ಳೆಯ ನಿದರ್ಶನ. ಪೆಸಿಫಿಕ್ ಸಾಗರದ ಕ್ವಾಜಲೀನ್ ಹವಳದ್ವೀಪಗಳಲ್ಲೊಂದಾದ ಓಮೆಲೆಕ್‌ನಿಂದ ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್-1 ಎರಡನೇ ಬಾರಿ ಹಾರಿತು. ಮೊದಲ ಹಂತ ಕಳಚಿಕೊಳ್ಳುವಾಗ ಮೇಲಿನ ಹಂತದ ನಳಿಕೆಗೆ ತಗುಲಿತು, ಆದರೂ ಎಂಜಿನ್ ಹೊತ್ತಿಕೊಂಡು ಚೆನ್ನಾಗಿಯೇ ಉರಿಯಿತು. ಸ್ವಲ್ಪ ಹೊತ್ತಿನಲ್ಲಿ ಹಂತದ ಮೂತಿ ಸಣ್ಣದಾಗಿ ಸುತ್ತತೊಡಗಿತು. ರಾಕೆಟ್ಟಿನ ಕ್ಯಾಮೆರಾ ಕಳಿಸಿದ ಚಿತ್ರದಲ್ಲಿ ಭೂಮಿ ಓಲಾಡುವಂತೆ ಕಾಣುತ್ತಿತ್ತು. ಓಲಾಟ ಕಡಿಮೆಯಾಗಲಿಲ್ಲ, ಬೆಳೆಯುತ್ತಲೇ ಹೋಯಿತು.

ಕಾರಣ ದ್ರವ ಆಮ್ಲಜನಕದ ಟ್ಯಾಂಕಿನಲ್ಲಿತ್ತು. ಎಂಜಿನ್ ಹೊರಳಿದಾಗಲೆಲ್ಲ ಟ್ಯಾಂಕ್ ಪಕ್ಕಕ್ಕೆ ಸರಿಯುತ್ತದೆ, ಒಳಗಿನ ದ್ರವ ತಡವಾಗಿ ಹಿಂಬಾಲಿಸಿ ಗೋಡೆಗೆ ಬಡಿಯುತ್ತದೆ. ಆ ಬಡಿತಕ್ಕೆ ಹಂತ ವಾಲುತ್ತದೆ. ಗೈರೋಸ್ಕೋಪ್ ಅದನ್ನು ವರದಿ ಮಾಡುತ್ತದೆ, ಕಂಪ್ಯೂಟರ್ ಸರಿಪಡಿಸಲು ಎಂಜಿನ್ನನ್ನು ಮತ್ತೆ ಹೊರಳಿಸುತ್ತದೆ. ಅಳತೆ, ಲೆಕ್ಕ, ಚಲನೆ ಪ್ರತಿಯೊಂದಕ್ಕೂ ಒಂದಿಷ್ಟು ತಡವಾಗುತ್ತದೆ. ಈ ತಡ ದ್ರವದ ತೂಗಾಟದ ಲಯಕ್ಕೆ ಹೊಂದಿಕೊಂಡುಬಿಟ್ಟರೆ ಸರಿಪಡಿಸಲು ಹಾಕಿದ ಪ್ರತಿ ತಳ್ಳು ತೂಗಾಟಕ್ಕೇ ಬಲ ಕೊಡುತ್ತದೆ. ಫಾಲ್ಕನ್‌ನಲ್ಲಿ ಆದದ್ದು ಇದು. ಕೊನೆಗೆ ಇಡೀ ಹಂತ ಉದ್ದದ ಸುತ್ತ ಸುತ್ತತೊಡಗಿತು, ಅದನ್ನು ತಡೆಯುವುದು ಒಂಟಿ ಎಂಜಿನ್ನಿನ ಕೈಯಲ್ಲಿರಲಿಲ್ಲ. ಸುತ್ತುವ ರಭಸಕ್ಕೆ ದ್ರವ ಗೋಡೆಗಂಟಿ ಟ್ಯಾಂಕಿನ ತಳದ ಕಿಂಡಿಯಿಂದ ದೂರ ಸರಿಯಿತು, ಎಂಜಿನ್ ಬೇಗನೆ ಆರಿತು, ಕಕ್ಷೆ ಕೈತಪ್ಪಿತು.

ಇದಕ್ಕೆ ಪರಿಹಾರ ಹೊಸದೇನೂ ಅಲ್ಲ. ಟ್ಯಾಂಕಿನ ಒಳಗೋಡೆಗೆ ಉಂಗುರದಂಥ ಪಟ್ಟಿಗಳನ್ನು ಕೂರಿಸಿದರೆ ದ್ರವದ ತೂಗಾಟ ಅವುಗಳಿಗೆ ಬಡಿದು ಶಕ್ತಿ ಕಳೆದುಕೊಳ್ಳುತ್ತದೆ. ಆ ಟ್ಯಾಂಕಿನಲ್ಲಿ ತೂಕ ಉಳಿಸಲು ಪಟ್ಟಿ ಇಟ್ಟಿರಲಿಲ್ಲ, ಆಮೇಲೆ ಸೇರಿಸಿದರು. ಇನ್ನೊಂದು ಉಪಾಯ ಸಾಫ್ಟ್‌ವೇರಿನದು: ದ್ರವ ತೂಗುವ ಲಯದಲ್ಲಿ ಬರುವ ಸಂಕೇತಗಳಿಗೆ ಕಂಪ್ಯೂಟರ್ ಕಡಿಮೆ ಓಗೊಡುವಂತೆ ಮಾಡುವುದು. ತೊಡಕೆಂದರೆ ಟ್ಯಾಂಕ್ ಬರಿದಾದಂತೆ, ವೇಗ ಏರುವ ದರ ಹೆಚ್ಚಿದಂತೆ ಆ ಲಯವೂ ಬದಲಾಗುತ್ತಿರುತ್ತದೆ. ತೆಳ್ಳಗೆ ಉದ್ದವಾಗಿರುವ ರಾಕೆಟ್ಟಿನ ದೇಹವೇ ಬಿದಿರಿನಂತೆ ಬಳುಕುವುದರಿಂದ ಗೈರೋಸ್ಕೋಪ್ ಎಲ್ಲಿ ಕೂರಬೇಕೆಂಬುದೂ ಇಂಥದೇ ಎಚ್ಚರ ಬೇಡುತ್ತದೆ. ತಪ್ಪು ಜಾಗದಲ್ಲಿ ಕೂತರೆ ಅದು ಬಳುಕನ್ನೇ ವಾಲುವಿಕೆ ಎಂದು ತಿಳಿಸುತ್ತದೆ.

ಗೈರೋಸ್ಕೋಪ್ ತಲೆಕೆಳಗಾಗಿ ಕೂತರಂತೂ ಮುಗಿಯಿತು. 2013ರ ಜುಲೈ 2ರಂದು ಬೈಕನೂರಿನಿಂದ ಮೂರು ಗ್ಲೋನಾಸ್ ಉಪಗ್ರಹಗಳನ್ನು ಹೊತ್ತು ಎದ್ದ ರಷ್ಯಾದ ಪ್ರೋಟಾನ್-ಎಂ ಕೆಲವೇ ಸೆಕೆಂಡುಗಳಲ್ಲಿ ಅತ್ತಿತ್ತ ಹೊಯ್ದಾಡಿ, ಮಗುಚಿ, ಅರ್ಧ ನಿಮಿಷದ ಆಸುಪಾಸಿನಲ್ಲಿ ನೆಲಕ್ಕೆ ಅಪ್ಪಳಿಸಿತು. ಎಡ–ಬಲ ತಿರುಗುವಿಕೆಯ ವೇಗ ಅಳೆಯುವ ಮೂರು ಸಂವೇದಕಗಳನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು ಎಂದು ತನಿಖೆ ಕಂಡುಕೊಂಡಿತು. ಎಡಕ್ಕೆ ತಿರುಗಿದರೆ ಅವು ಬಲಕ್ಕೆ ಎನ್ನುತ್ತಿದ್ದವು. ಎಂಜಿನ್‌ಗಳು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದವು, ಪಾಲಿಸಿದಷ್ಟೂ ರಾಕೆಟ್ ಇನ್ನಷ್ಟು ವಾಲಿತು.

ಘನ ಇಂಧನದ ರಾಕೆಟ್ಟಿನಲ್ಲಿ ಹೊರಳಿಸಲು ಪ್ರತ್ಯೇಕ ಎಂಜಿನ್ ಇರುವುದಿಲ್ಲ, ಇಂಧನ ತುಂಬಿದ ಕೊಳವೆಯೇ ಎಂಜಿನ್. ಅಲ್ಲಿ ರಬ್ಬರು ಮತ್ತು ಲೋಹದ ಪದರಗಳ ಕೀಲಿನ ಮೇಲೆ ನಳಿಕೆಯೊಂದನ್ನೇ ಬಾಗಿಸುತ್ತಾರೆ. ಪಿಎಸ್‌ಎಲ್‌ವಿಯ ಮೂರನೇ ಹಂತದ್ದು ಇದೇ ಬಗೆ. ಮೊದಲ ಹಂತದಲ್ಲಿ ನಳಿಕೆಯೂ ಬಾಗುವುದಿಲ್ಲ. ಅದರ ಗೋಡೆಯ ಒಂದು ಬದಿಯಿಂದ ಸ್ಟ್ರಾಂಷಿಯಂ ಪರ್‌ಕ್ಲೋರೇಟ್ ದ್ರಾವಣವನ್ನು ಒಳಗೆ ಚಿಮ್ಮಿಸುತ್ತಾರೆ. ಶಬ್ದಕ್ಕಿಂತ ವೇಗವಾಗಿ ಹರಿಯುವ ಅನಿಲಕ್ಕೆ ಅದು ಅಡ್ಡಬಂದು ಆಘಾತ ತರಂಗ ಏಳುತ್ತದೆ, ಗೋಡೆಯ ಆ ಬದಿಯಲ್ಲಿ ಒತ್ತಡ ಹೆಚ್ಚಿ ನೂಕುಬಲ ಓರೆಯಾಗುತ್ತದೆ.

ಈ ಎಲ್ಲ ಬಗೆಗಳಿಗೂ ಒಂದು ಮಿತಿ ಸಮಾನ. ಎಂಜಿನ್ ಉರಿಯುತ್ತಿರುವಷ್ಟು ಹೊತ್ತು ಮಾತ್ರ ಚುಕ್ಕಾಣಿ ಇರುತ್ತದೆ. ಎಂಜಿನ್ ಆರಿಸಿ ತೇಲುತ್ತ ಸಾಗುವಾಗ, ಉಪಗ್ರಹವನ್ನು ಬಿಡುವ ಮುನ್ನ ಮೂತಿಯನ್ನು ಸರಿಯಾದ ದಿಕ್ಕಿಗೆ ಹಿಡಿಯುವಾಗ ಗಿಂಬಲ್ ಎಷ್ಟು ಹೊರಳಿದರೂ ಪ್ರಯೋಜನವಿಲ್ಲ. ಆಗಿನ ಕೆಲಸ ಹಂತದ ಸುತ್ತ ಜೋಡಿಸಿದ, ಬೇಕೆಂದಾಗ ಹೊತ್ತಿ ಆರುವ ಪುಟ್ಟ ಥ್ರಸ್ಟರ್‌ಗಳದು.