ಡಿಸೆಂಬರ್ ಮುಗಿದರೂ ಬದಲಾಗದ ಇಸವಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಸೀಮೆ 17ನೆಯ ಶತಮಾನದ ನಡುವಿನಲ್ಲಿ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. ಆದಿಲಶಾಹಿ ಮತ್ತು ಶಿವಾಜಿಯ ಕಾಲವನ್ನು ಅಭ್ಯಾಸ ಮಾಡುವವರು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸೂರತ್ ಪತ್ರಗಳನ್ನೂ ತಿರುವಿಹಾಕಬೇಕಾಗುತ್ತದೆ. ಶಿವಾಜಿ ಸೂರತ್ತಿನ ಮೇಲೆ ಮೊದಲು ದಾಳಿ ಮಾಡಿದ್ದು 1664ರ ಜನವರಿಯಲ್ಲಿ. ಆಗಿನ ಇಂಗ್ಲಿಷರ ಲೆಕ್ಕದಲ್ಲಿ ಅದು 1663ರ ಜನವರಿ! ಗುಮಾಸ್ತನ ಕೈತಪ್ಪೇನೂ ಅಲ್ಲ.

ಇಂಗ್ಲೆಂಡಿನಲ್ಲಿ 12ನೆಯ ಶತಮಾನದಿಂದ 1751ರವರೆಗೆ ಸರಕಾರಿ ವರ್ಷ ಹುಟ್ಟುತ್ತಿದ್ದುದು ಮಾರ್ಚ್ 25ರಂದು. ಯೇಸು ಹುಟ್ಟುವನೆಂದು ದೇವದೂತ ಮೇರಿಗೆ ತಿಳಿಸಿದ ದಿನವೆಂದು ಚರ್ಚ್ ಅದನ್ನು ಆಚರಿಸುತ್ತದೆ. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿ ನೋಡಿ, ಡಿಸೆಂಬರ್ 25 ಬರುತ್ತದೆ. ಹೀಗಾಗಿ 1663ರ ಡಿಸೆಂಬರ್ ಕಳೆದ ಮೇಲೆ 1663ರದೇ ಜನವರಿ, ಫೆಬ್ರುವರಿ ಬರುತ್ತಿದ್ದವು. ಮಾರ್ಚ್ 24ರ ಮರುದಿನ 1664. ಜನಸಾಮಾನ್ಯರು ಮಾತ್ರ ಜನವರಿ 1ನ್ನೇ ಹೊಸ ವರ್ಷದ ದಿನ ಎನ್ನುತ್ತಿದ್ದರು. ಅದಕ್ಕೇ ಜಾಣ ಬರಹಗಾರರು ಈ ತಿಂಗಳುಗಳಿಗೆ 1663/64 ಎಂದು ಎರಡೂ ಇಸವಿ ಹಾಕುತ್ತಿದ್ದರು.

ಈಗ ಲೆಕ್ಕಕ್ಕೆ ಬನ್ನಿ. ಸೂರತ್ತಿನ ಎರಡನೆಯ ದಾಳಿ 1670ರ ಅಕ್ಟೋಬರಿನಲ್ಲಿ. ಪತ್ರದಲ್ಲಿದ್ದಂತೆ 1663ರ ಜನವರಿಯಿಂದ ಎಣಿಸಿದರೆ ಏಳು ವರ್ಷ ಒಂಬತ್ತು ತಿಂಗಳು ಆಗುತ್ತದೆ. ನಿಜವಾದ ಅಂತರ ಆರು ವರ್ಷ ಒಂಬತ್ತು ತಿಂಗಳು. ಇಡೀ ಒಂದು ವರ್ಷ ಸುಮ್ಮನೆ ಸೇರಿಕೊಂಡಿತು! ಆದರೆ ಎಲ್ಲ ಸಲ ಹೀಗಾಗದು. ಶಿವಾಜಿ ಬಸರೂರಿಗೆ ಬಂದದ್ದು 1665ರ ಫೆಬ್ರುವರಿಯಲ್ಲಿ, ಹಳೆಯ ಲೆಕ್ಕದಲ್ಲಿ 1664. ಸೂರತ್ತಿನ ಮೊದಲ ದಾಳಿಗೂ ಇದಕ್ಕೂ ಇರುವ ಅಂತರ ಯಾವ ಲೆಕ್ಕದಲ್ಲೂ ಹದಿಮೂರು ತಿಂಗಳೇ, ಏಕೆಂದರೆ ಎರಡೂ ಇಸವಿಗಳು ಒಂದೊಂದು ಕಡಿಮೆ. ಒಂದು ದಿನಾಂಕ ಮಾರ್ಚ್ 25ರ ಈಚೆ, ಇನ್ನೊಂದು ಆಚೆ ಬಿದ್ದಾಗಲೇ ಪೇಚು.

ಗುರುತಿಸುವುದು ಹೇಗೆ? ಒಂದೇ ಪತ್ರ ನೋಡಿದರೆ ತಿಳಿಯದು. ಕಡತದ ಹಿಂದುಮುಂದಿನ ಹಾಳೆಗಳನ್ನು ನೋಡಿ. ಡಿಸೆಂಬರಿನ ನಂತರವೂ ಅದೇ ಇಸವಿ ಮುಂದುವರಿದಿದ್ದರೆ ಅದು ಹಳೆಯ ಕ್ರಮ. ಅಚ್ಚಾದ ಸಂಪುಟವಾದರೆ ಮೊದಲು ಮುನ್ನುಡಿ ಓದಿ. ಸಂಪಾದಕರು ಆಗಲೇ ತಿದ್ದಿದ್ದರೆ ನೀವು ಮತ್ತೆ ಒಂದು ಕೂಡಿಸಿ ಕೆಡಿಸುತ್ತೀರಿ. 1752ರಿಂದ ಇಂಗ್ಲಿಷರೂ ಜನವರಿ 1ಕ್ಕೆ ಬಂದರು. ಆ ಬದಲಾವಣೆಗಾಗಿ ಅವರ 1751ನೆಯ ವರ್ಷ 282 ದಿನಕ್ಕೇ ಮುಗಿಯಿತು.

ನಮ್ಮ ಶಾಸನಗಳಲ್ಲೂ ಇದರ ತಮ್ಮನಂಥ ತೊಡಕಿದೆ. ಶಕವರ್ಷ ಚೈತ್ರದಲ್ಲಿ ತೊಡಗುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನ ಶಕ 500 ಕಳೆದ ಮೇಲಿನ ಕಾರ್ತಿಕ ಹುಣ್ಣಿಮೆಯದು. 78 ಕೂಡಿಸಿದರೆ ಕ್ರಿ.ಶ. 578. ಅದೇ ಶಾಸನ ಮಾಘದ ಕೊನೆಯದಾಗಿದ್ದರೆ 79 ಕೂಡಿಸಬೇಕಿತ್ತು. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಶಾಸನದಲ್ಲಿ, ರವಿಕೀರ್ತಿ ಶಕ 556 ಎಂದಷ್ಟೇ ಹೇಳಿ ತಿಂಗಳು ಹೇಳಿಲ್ಲ. ನಿಮ್ಮ ಪಠ್ಯಪುಸ್ತಕದಲ್ಲಿ ಅದರ ಕಾಲ 634–35 ಎಂದು ಜೋಡಿಯಾಗಿ ಕಂಡರೆ, ಕಾರಣ ಇದೇ.