ತಪ್ಪಿದ ಗೆಸ್ಸಿನ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ಭಾನುವಾರ ಮಧ್ಯಾಹ್ನವಾದರೆ ಪಿಜಿ ಕೋಣೆಗಳಲ್ಲಿ ಒಂದೇ ಕೆಲಸ. ಬೆಳಗ್ಗೆ ಬರೆದ ಮಾಕ್ ಟೆಸ್ಟಿನ ಕೀ ಉತ್ತರ ಕೈಗೆ ಬಂದಿರುತ್ತದೆ, ಕೆಂಪು ಪೆನ್ನು ಓಡುತ್ತಿರುತ್ತದೆ. ತಪ್ಪಾದದ್ದಕ್ಕೆಲ್ಲ ಒಂದೊಂದು ಗೀಟು. ಕೊನೆಯಲ್ಲಿ ಗೀಟುಗಳನ್ನು ಎಣಿಸಿ, ಅರ್ಧದಿಂದ ಗುಣಿಸಿ, ನಿಟ್ಟುಸಿರು. "ಹದಿನೆಂಟು ಮಾರ್ಕ್ಸ್ ನೆಗೆಟಿವ್‌ನ್ಯಾಗ ಹೋತು ನೋಡಕ್ಕ. ಇನ್ನ ಮ್ಯಾಲೆ ಗೊತ್ತಿಲ್ಲದ್ದು ಮುಟ್ಟಂಗಿಲ್ಲ."

ಈ ತೀರ್ಮಾನ ಎಷ್ಟು ಸಹಜವೋ ಅಷ್ಟೇ ದುಬಾರಿ. ಹದಿನೆಂಟು ಅಂಕ ಹೋದದ್ದು ನಿಜ. ಆದರೆ ಅವು ಹೋದದ್ದು ಗೆಸ್ ಹೊಡೆದದ್ದರಿಂದಲೇ ಎಂಬುದು ಕೆಂಪು ಗೀಟುಗಳಿಂದ ತಿಳಿಯುವುದಿಲ್ಲ. ಕಣ್ಣು ಮುಚ್ಚಿ ಹೊಡೆದು ತಪ್ಪಿದ್ದಕ್ಕೂ, ಖಂಡಿತ ಸರಿ ಎಂದು ಬರೆದು ತಪ್ಪಿದ್ದಕ್ಕೂ ಅಲ್ಲಿ ಗೀಟು ಒಂದೇ ಥರ.

ಕೆಎಎಸ್ ಪೂರ್ವಭಾವಿಯ ಒಂದೊಂದು ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ಸರಿಯಾದರೆ 2 ಅಂಕ ಬರುತ್ತದೆ, ತಪ್ಪಾದರೆ ಅದರ ನಾಲ್ಕನೇ ಒಂದು ಭಾಗ, ಅಂದರೆ ಅರ್ಧ ಅಂಕ ಕಳೆಯುತ್ತದೆ. ನಾಲ್ಕು ಆಯ್ಕೆಗಳಿರುವಲ್ಲಿ ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಉತ್ತರ ತುಂಬಿದರೆ ಸರಾಸರಿ ಒಂದು ಸರಿಯಾಗುತ್ತದೆ. ಬಂದದ್ದು 2, ಹೋದದ್ದು ಒಂದೂವರೆ. ಅರ್ಧ ಅಂಕ ಕೈಯಲ್ಲೇ ಉಳಿಯಿತು. ನೀಟ್‌ನಲ್ಲೂ ಅನುಪಾತ ಇದೇ: ಸರಿಗೆ 4, ತಪ್ಪಿಗೆ 1. ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ಕಳೆಯುವುದು ಮೂರನೇ ಒಂದು ಭಾಗ, ಹಾಗಾಗಿ ಅಲ್ಲಿ ಕುರುಡು ಗೆಸ್ಸಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಐದು ಆಯ್ಕೆ ಕೊಟ್ಟು ಕಾಲು ಭಾಗ ಕಳೆಯುವ ಬ್ಯಾಂಕ್ ಪರೀಕ್ಷೆಗಳಲ್ಲೂ ಹಾಗೆಯೇ. ಒಂದು ಪರೀಕ್ಷೆಗೆ ಕಲಿತ ಧೈರ್ಯವನ್ನು ಇನ್ನೊಂದಕ್ಕೆ ಒಯ್ಯುವ ಮುಂಚೆ ಈ ಸಣ್ಣ ಲೆಕ್ಕವನ್ನು ಹೊಸದಾಗಿ ಮಾಡಿಕೊಳ್ಳಬೇಕು.

ಇನ್ನು ಪರಿಶೀಲನೆಯ ವಿಷಯ. ಅದು ಶುರುವಾಗುವುದು ಕೀ ಉತ್ತರ ಬಂದ ಮೇಲಲ್ಲ, ಪರೀಕ್ಷೆ ಬರೆಯುವಾಗಲೇ. ಮಾಕ್ ಟೆಸ್ಟಿನಲ್ಲಿ ಒಂದೊಂದು ಉತ್ತರ ತುಂಬುವಾಗಲೂ ಪ್ರಶ್ನೆಯ ಪಕ್ಕ ಒಂದು ಅಕ್ಷರ ಹಾಕಿದರೆ ಸಾಕು. ಗೊತ್ತಿದ್ದು ಬರೆದದ್ದಕ್ಕೆ 'ಗ', ಎರಡು ಆಯ್ಕೆಗೆ ಇಳಿಸಿ ಒಂದನ್ನು ಆರಿಸಿದ್ದಕ್ಕೆ 'ಎ', ಕಣ್ಣು ಮುಚ್ಚಿ ಹೊಡೆದದ್ದಕ್ಕೆ 'ಕ'. ಕೀ ನೋಡಿದ ಮೇಲೆ ಈ ಅಕ್ಷರ ಹಾಕಲು ಕೂತರೆ ಪ್ರಯೋಜನವಿಲ್ಲ. ಸರಿಯಾದದ್ದೆಲ್ಲ ಆಗ 'ಗೊತ್ತಿತ್ತು' ಆಗಿಬಿಡುತ್ತದೆ, ತಪ್ಪಾದದ್ದೆಲ್ಲ 'ಸುಮ್ಮನೆ ಹೊಡೆದೆ' ಆಗಿಬಿಡುತ್ತದೆ. ನೆನಪು ನಮ್ಮ ಮರ್ಯಾದೆ ಕಾಯುವುದರಲ್ಲಿ ಬಹಳ ಚುರುಕು.

ಆ ಹದಿನೆಂಟು ಅಂಕ ಕಳೆದುಕೊಂಡ ಹುಡುಗಿ ಹೀಗೆ ಅಕ್ಷರ ಹಾಕಿದ್ದಳು ಎಂದುಕೊಳ್ಳೋಣ. ಅವಳು ಬರೆದದ್ದು 92, ಬಿಟ್ಟದ್ದು 8. ಸರಿ 56, ತಪ್ಪು 36. ಬಂದ 112ರಲ್ಲಿ 18 ಕಳೆದು 94 ಅಂಕ. ಈಗ ಅಕ್ಷರದ ಪ್ರಕಾರ ಬಿಡಿಸಿದರೆ ಚಿತ್ರ ಬದಲಾಗುತ್ತದೆ. 'ಕ' ಗುಂಪಿನಲ್ಲಿ 16 ಪ್ರಶ್ನೆ, 4 ಸರಿ, 12 ತಪ್ಪು. ಬಂದದ್ದು 8, ಹೋದದ್ದು 6. ಯಾವುದನ್ನು ಇನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದಳೋ ಅದೇ ಅವಳಿಗೆ 2 ಅಂಕ ತಂದುಕೊಟ್ಟಿದೆ. ಹದಿನಾರರಲ್ಲಿ ನಾಲ್ಕು ಅಂದರೆ ಅದೃಷ್ಟ ಕೊಡಬೇಕಾದಷ್ಟೇ ಕೊಟ್ಟಿದೆ. ಅಲ್ಲಿ ದುರಸ್ತಿ ಮಾಡುವಂಥದ್ದು ಏನೂ ಇಲ್ಲ. ಹನ್ನೆರಡು ತಪ್ಪುಗಳ ಆ ರಾಶಿಯನ್ನು ಹಾಗೆಯೇ ಬದಿಗಿಡಬಹುದು.

'ಎ' ಗುಂಪು ಸ್ವಲ್ಪ ಗೋಜಲು. 26 ಪ್ರಶ್ನೆ, 11 ಸರಿ, 15 ತಪ್ಪು. ಎರಡರಲ್ಲಿ ಒಂದನ್ನು ಆರಿಸುವುದಾದರೆ ನಾಣ್ಯ ಚಿಮ್ಮಿದರೂ 13 ಸರಿಯಾಗಬೇಕಿತ್ತು. ಆರಿಸುವುದರಲ್ಲಿ ಅವಳು ಎಡವುತ್ತಿದ್ದಾಳೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ತಪ್ಪಾದ ಹದಿನೈದರಲ್ಲಿ ಸರಿ ಉತ್ತರ ಎಲ್ಲಿತ್ತು? ಕೊನೆಗೆ ಉಳಿಸಿಕೊಂಡ ಎರಡರಲ್ಲಿ ಇತ್ತೋ, ಅದಕ್ಕೂ ಮೊದಲೇ ಹೊಡೆದುಹಾಕಿದ ಎರಡರಲ್ಲಿ ಇತ್ತೋ?

ಪುಸ್ತಿಕೆ ತಿರುವಿ ನೋಡಿದರೆ ಎಂಟರಲ್ಲಿ ಅದು ಉಳಿದ ಎರಡರಲ್ಲೇ ಇತ್ತು, ಅವಳು ಇನ್ನೊಂದನ್ನು ಆರಿಸಿದ್ದಳು. ಅಂದರೆ ಸರಿ ಉತ್ತರ ಕೈಯಲ್ಲಿದ್ದ 19 ಪ್ರಶ್ನೆಗಳಲ್ಲಿ 11ನ್ನು ಅವಳು ಹಿಡಿದಿದ್ದಾಳೆ. ಆಯ್ಕೆ ಚೆನ್ನಾಗಿಯೇ ಇದೆ. ಉಳಿದ ಏಳರಲ್ಲಿ ಮಾತ್ರ ಸರಿ ಉತ್ತರವನ್ನು ಅವಳೇ ಮೊದಲ ಸುತ್ತಿನಲ್ಲಿ ಹೊರಗೆ ಹಾಕಿದ್ದಳು. ಅವಳು ಫಿಫ್ಟಿ-ಫಿಫ್ಟಿ ಎಂದುಕೊಂಡು ತಲೆ ಕೆಡಿಸಿಕೊಂಡ ಆ ಏಳು ಕಡೆ ಗೆಲ್ಲುವ ಸಾಧ್ಯತೆ ಸೊನ್ನೆ.

ಅಂಥದ್ದೊಂದು ಪ್ರಶ್ನೆ ಧನ ವಿಧೇಯಕದ ಬಗ್ಗೆ ಇತ್ತು. ಮೂರು ಹೇಳಿಕೆಗಳು. ಒಂದು, ಅದನ್ನು ಲೋಕಸಭೆಯಲ್ಲಿ ಮಾತ್ರ ಮಂಡಿಸಬಹುದು. ಎರಡು, ರಾಜ್ಯಸಭೆ ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು. ಮೂರು, ರಾಜ್ಯಸಭೆ ಅದನ್ನು ತಿರಸ್ಕರಿಸಬಹುದು. ಆಯ್ಕೆಗಳು ಹೀಗಿದ್ದವು: 1 ಮತ್ತು 2, 2 ಮತ್ತು 3, 2 ಮಾತ್ರ, ಮೂರೂ ಸರಿ. ಎರಡನೇ ಹೇಳಿಕೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲನೆಯದರಲ್ಲಿ 'ಮಾತ್ರ' ಕಂಡಿತು. 'ಮಾತ್ರ', 'ಎಲ್ಲ', 'ಯಾವಾಗಲೂ' ಇದ್ದರೆ ಹೇಳಿಕೆ ತಪ್ಪು ಎಂಬ ಸೂತ್ರ ತರಗತಿಯಿಂದ ತರಗತಿಗೆ ಹಬ್ಬಿರುವಂಥದ್ದು. ಸೂತ್ರ ನಂಬಿ ಒಂದನೇ ಹೇಳಿಕೆ ಕಾಟು ಹೊಡೆದಳು. ಅದರೊಂದಿಗೆ ಮೊದಲ ಆಯ್ಕೆಯೂ ಕೊನೆಯ ಆಯ್ಕೆಯೂ ಹೋದವು. ಉಳಿದ ಎರಡರಲ್ಲಿ ಒಂದು ನಿಮಿಷ ತೂಗಾಡಿ '2 ಮಾತ್ರ' ತುಂಬಿದಳು. ಸರಿ ಉತ್ತರ 1 ಮತ್ತು 2. ಸಂವಿಧಾನ, ಕಾನೂನಿನಂಥ ವಿಷಯಗಳಲ್ಲಿ 'ಮಾತ್ರ' ಎಂಬುದು ಎಷ್ಟೋ ಕಡೆ ನಿಯಮದ ಭಾಗವೇ ಆಗಿರುತ್ತದೆ. ಅಲ್ಲಿ ಆ ಸೂತ್ರ ಕೈ ಕೊಡುತ್ತದೆ. ಏಳರಲ್ಲಿ ನಾಲ್ಕು ಇದೇ ಸೂತ್ರದಿಂದ ಹಾಳಾಗಿದ್ದವು.

ದೊಡ್ಡ ಸೋರಿಕೆ ಇದೂ ಅಲ್ಲ. ಅದು ಯಾರೂ ಅನುಮಾನಿಸದ 'ಗ' ಗುಂಪಿನಲ್ಲಿತ್ತು. ಗೊತ್ತಿದೆ ಎಂದು ಬರೆದ 50ರಲ್ಲಿ 41 ಸರಿ, 9 ತಪ್ಪು. ಕೆಂಪು ಗೀಟಿನ ಪ್ರಕಾರ ಇಲ್ಲಿ ಹೋದದ್ದು ಬರೀ ನಾಲ್ಕೂವರೆ ಅಂಕ. ಆದರೆ ಇವು ಬರಬೇಕಿದ್ದ ಅಂಕಗಳು. ಬರಬೇಕಿದ್ದ 2 ಬರಲಿಲ್ಲ, ಮೇಲೆ ಅರ್ಧ ದಂಡ. ಪ್ರತಿ ತಪ್ಪಿನ ನಿಜವಾದ ಬೆಲೆ ಎರಡೂವರೆ, ಒಂಬತ್ತಕ್ಕೆ ಇಪ್ಪತ್ತೆರಡೂವರೆ. ಕಟ್ ಆಫ್ ಹತ್ತಿರ ನಿಂತವರಿಗೆ ಇದರ ಅರ್ಧವೂ ಬಹಳ.

ಆ ಒಂಬತ್ತರಲ್ಲಿ ನಾಲ್ಕು ಒಂದೇ ಜಾತಿಯವು. "ಕೆಳಗಿನವುಗಳಲ್ಲಿ ಕೃಷ್ಣಾ ನದಿಯ ಉಪನದಿ ಅಲ್ಲದ್ದು ಯಾವುದು?" ಎಂಬಂಥವು. ಭೀಮಾ, ಮಲಪ್ರಭಾ, ಘಟಪ್ರಭಾ, ಹೇಮಾವತಿ. ಮೊದಲ ಆಯ್ಕೆಯಲ್ಲೇ ಭೀಮಾ ಕಂಡಿತು, ಕೃಷ್ಣೆಗೆ ಸೇರುವ ನದಿ ಎಂದು ಚೆನ್ನಾಗಿ ಗೊತ್ತು, ವೃತ್ತ ತುಂಬಿಯಾಯಿತು. ಹೇಮಾವತಿ ಕಾವೇರಿಗೆ ಸೇರುತ್ತದೆ ಎಂಬುದನ್ನು ಹಾಸನದ ಶಾಲಾ ಮಕ್ಕಳೂ ಹೇಳುತ್ತಾರೆ, ಅವಳೂ ಹೇಳುತ್ತಾಳೆ. ಕಣ್ಣು 'ಅಲ್ಲದ್ದು' ಎಂಬುದರ ಮೇಲೆ ನಿಲ್ಲಲಿಲ್ಲ, ಅಷ್ಟೇ. ಎರಡು ಕಡೆ ಓಎಂಆರ್ ಹಾಳೆಯಲ್ಲಿ ಪಕ್ಕದ ಸಾಲು ತುಂಬಿದ್ದಳು. ಉಳಿದ ಮೂರು ನಿಜವಾಗಿಯೂ ತಪ್ಪಾಗಿ ನೆನಪಿಟ್ಟುಕೊಂಡ ಸಂಗತಿಗಳು.

ಹಾಗಾದರೆ ಮೊದಲು ಕೈಹಾಕುವುದು ಯಾವುದಕ್ಕೆ? ತಪ್ಪುಗಳ ಸಂಖ್ಯೆ ನೋಡಿದರೆ 'ಕ' ಗುಂಪು 'ಗ' ಗುಂಪಿಗಿಂತ ಮೊದಲು ಬರಬೇಕು, ಅದರಿಂದ ಸಿಗುವುದು ಏನೂ ಇಲ್ಲ. ನೋಡಬೇಕಾದದ್ದು ಎರಡು: ತಪ್ಪು ನಿಂತರೆ ಎಷ್ಟು ಅಂಕ ವಾಪಸ್ ಬರುತ್ತದೆ, ಮತ್ತು ಅದೇ ತಪ್ಪು ಮುಂದಿನ ಪತ್ರಿಕೆಯಲ್ಲಿ ಮತ್ತೆ ಬರುವುದು ಎಷ್ಟು ಖಚಿತ. 'ಅಲ್ಲದ್ದು' ಓದದ ತಪ್ಪಿಗೆ 10 ಅಂಕ. ಅಂಥ ಪ್ರಶ್ನೆಗಳು ಪ್ರತಿ ಪತ್ರಿಕೆಯಲ್ಲೂ ಇರುತ್ತವೆ. ತಿದ್ದಲು ಹೊಸದಾಗಿ ಏನನ್ನೂ ಓದಬೇಕಿಲ್ಲ. ಇದೇ ಮೊದಲು. ತಪ್ಪಾಗಿ ನೆನಪಿಟ್ಟ ಮೂರಕ್ಕೆ ಕಾಗದದ ಮೇಲೆ ಏಳೂವರೆ ಅಂಕವಿದೆ, ಆದರೆ ಆ ಮೂರು ಸಂಗತಿಗಳನ್ನೇ ಮತ್ತೆ ಕೇಳಿದರಷ್ಟೇ ಅದು ಬರುತ್ತದೆ. ತಿದ್ದಿಕೊಂಡು ಮುಂದೆ ಹೋಗಬಹುದು, ಅದಕ್ಕಾಗಿ ವಾರ ಕಳೆಯಬಾರದು. ಬಹಳಷ್ಟು ಅಭ್ಯರ್ಥಿಗಳು ಮಾಡುವುದು ಇದರ ಉಲ್ಟಾ. ತಪ್ಪಾದ ಸಂಗತಿಗಳನ್ನೆಲ್ಲ ಚೆಂದದ ನೋಟ್ಸ್ ಮಾಡಿಕೊಂಡು, 'ಅಲ್ಲದ್ದು' ಮರೆತದ್ದನ್ನು ಮಾತ್ರ "ಸಿಲ್ಲಿ ಮಿಸ್ಟೇಕ್" ಎಂದು ನಕ್ಕು ಬಿಡುತ್ತಾರೆ.

ಎರಡನೆಯದು ಹೊಡೆದುಹಾಕುವ ಚಟ. ಏಳನ್ನೂ ಸರಿಪಡಿಸಿದರೆ ಹದಿನೇಳೂವರೆ ಬರುತ್ತದೆ ಎಂದು ಲೆಕ್ಕ ಹಾಕುವುದು ಅತಿ ಆಸೆ. ಸರಿ ಆಯ್ಕೆಯನ್ನು ಹೊರಗೆ ಹಾಕದಿದ್ದರೂ ಮೂರರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಏಳರಲ್ಲಿ ಎರಡೋ ಮೂರೋ ಸಿಕ್ಕಾವು, ಅಂದರೆ ಸುಮಾರು 6 ಅಂಕ. ಓಎಂಆರ್ ತಪ್ಪಿಗೆ 5. ಆದರೆ ಅದು ಒಂದು ದಿನದ ಆಯಾಸವೋ ಅಭ್ಯಾಸವೋ ಎಂಬುದು ಒಂದು ಪತ್ರಿಕೆಯಿಂದ ಗೊತ್ತಾಗುವುದಿಲ್ಲ. 'ಕ' ಗುಂಪಿಗೂ ಈ ಎಚ್ಚರ ಬೇಕು. ಹದಿನಾರು ಕುರುಡು ಗೆಸ್ಸಿನಲ್ಲಿ ಒಮ್ಮೆ ಎರಡು, ಇನ್ನೊಮ್ಮೆ ಆರು ಸರಿಯಾಗುವುದು ಮಾಮೂಲು. ಎರಡು ಬಂದ ದಿನ ಗೆಸ್ ನಿಲ್ಲಿಸಿ, ಆರು ಬಂದ ದಿನ ಕೈ ಬಿಚ್ಚಿ ಹೊಡೆದರೆ ಕಲಿತದ್ದು ಏನೂ ಇಲ್ಲ. ಮೂರು ನಾಲ್ಕು ಪತ್ರಿಕೆಗಳನ್ನು ಒಟ್ಟು ಹಾಕಿ ನೋಡಬೇಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಕಲಮು ಇಟ್ಟುಕೊಳ್ಳುವುದು ಒಳ್ಳೆಯದು: ಪ್ರಶ್ನೆಯ ಅನುವಾದದಿಂದಲೇ ತಪ್ಪಿದ್ದು. 2024ರ ಆಗಸ್ಟ್‌ನಲ್ಲಿ ನಡೆದ ಕೆಎಎಸ್ ಪೂರ್ವಭಾವಿಯ ಕನ್ನಡ ಅನುವಾದದಲ್ಲಿ ದೋಷಗಳಿದ್ದು ಗದ್ದಲವಾಗಿ, ಅದೇ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಯಿತು. ಅಂಥ ತಪ್ಪನ್ನು ತನ್ನ ಅಜ್ಞಾನದ ಲೆಕ್ಕಕ್ಕೆ ಸೇರಿಸಿಕೊಂಡರೆ ಪಟ್ಟಿ ಕೆಡುತ್ತದೆ. ವಾಕ್ಯ ಗೋಜಲೆನಿಸಿದ ಕಡೆ ಪಕ್ಕದ ಇಂಗ್ಲಿಷ್ ಪಾಠವನ್ನೂ ನೋಡುವುದೇ ಅದಕ್ಕೆ ಮದ್ದು.

ಸಪ್ತಾಪುರದ ಕೋಣೆಗೆ ವಾಪಸಾದರೆ, 'ಅಲ್ಲದ್ದು' ಕಾಯಿಲೆಗೆ ಮದ್ದು ಹುಡುಕುವಾಗ ಒಂದು ತೊಡಕು ಬರುತ್ತದೆ. ಮನೆಯಲ್ಲಿ ಆ ಪದದ ಕೆಳಗೆ ಗೆರೆ ಎಳೆಯಬಹುದು. ನಿಜವಾದ ಪರೀಕ್ಷೆಯಲ್ಲಿ ಪ್ರಶ್ನೆಪುಸ್ತಿಕೆಯ ಮೇಲೆ ಬೇರೇನೂ ಬರೆಯಬಾರದು ಎಂಬ ಸೂಚನೆ ಇದ್ದರೆ ಗೆರೆ ಇಲ್ಲ, 'ಗ-ಎ-ಕ' ಅಕ್ಷರಗಳೂ ಇಲ್ಲ. ಆದ್ದರಿಂದ ಪೆನ್ನು ಬೇಡದ ಅಭ್ಯಾಸವೇ ಬೇಕು. ಪ್ರಶ್ನೆಯ ಕೊನೆಯ ಪದದ ಮೇಲೆ ಎಡಗೈ ಬೆರಳಿಟ್ಟು, "ತಪ್ಪಿದ್ದನ್ನ ಹುಡುಕು" ಎಂದು ಮನಸ್ಸಿನಲ್ಲೇ ಅಂದು, ಆಮೇಲೆ ಆಯ್ಕೆಗಳಿಗೆ ಹೋಗುವುದು. ನಾಲ್ಕನ್ನೂ ಓದುವವರೆಗೆ ವೃತ್ತದ ಹತ್ತಿರ ಕೈ ಹೋಗಬಾರದು.

ಮುಂದಿನ ಮೂರು ಭಾನುವಾರಗಳಲ್ಲಿ ಅವಳು ಎಣಿಸುವುದು ಅಂಕವನ್ನಲ್ಲ, ಎರಡೇ ಸಂಖ್ಯೆಗಳನ್ನು: 'ಅಲ್ಲದ್ದು' ತಪ್ಪಿದ್ದು ಎಷ್ಟು, ಸರಿ ಉತ್ತರವನ್ನು ತಾನೇ ಹೊಡೆದುಹಾಕಿದ್ದು ಎಷ್ಟು. ಮೊದಲನೆಯದು ನಾಲ್ಕರಿಂದ ಒಂದಕ್ಕೋ ಸೊನ್ನೆಗೋ ಇಳಿದು ಅಲ್ಲೇ ನಿಂತರೆ ಆ ಕಲಮನ್ನು ಮುಚ್ಚಿ ಎರಡನೆಯದಕ್ಕೆ ಪೂರ್ತಿ ಗಮನ ಕೊಡುತ್ತಾಳೆ. ಓಎಂಆರ್ ಕಲಮು ಮೂರೂ ವಾರ ಖಾಲಿ ಉಳಿದರೆ ಅದಕ್ಕೊಂದು ಕಾಟು. ಬಿಟ್ಟುಬಂದ 8 ಪ್ರಶ್ನೆಗಳನ್ನು ಈ ಸಲ ಬಿಡುವುದಿಲ್ಲ. ಸಮಯ ಉಳಿದರೆ ಅವೂ 'ಕ' ಗುಂಪಿಗೆ ಸೇರುತ್ತವೆ.