ಗೋಡೆಯೊಳಗಿನ ಸೋರಿಕೆಗೆ ಒಂದೇ ಟೈಲಿನ ಕಿಂಡಿ

ಬಚ್ಚಲಿನ ಹಿಂಬದಿಯ ಕೋಣೆಯಲ್ಲಿ ಬಣ್ಣ ಉಬ್ಬಿ, ಪ್ಲಾಸ್ಟರ್ ಮೇಲೆ ಬಿಳಿ ಉಪ್ಪು ಮೂಡಿದ ಕೂಡಲೇ ಉಳಿ ಸುತ್ತಿಗೆ ತರಿಸಬೇಡಿ. ಅದು ನಲ್ಲಿಗೆ ಬರುವ ನೀರೋ, ಬಚ್ಚಲಿಂದ ಹೊರಗೆ ಹೋಗುವ ನೀರೋ ಎಂಬುದು ಮೊದಲು ತಿಳಿಯಬೇಕು. ಸಂಪಿಗೆ ಬಿದ್ದು ಪಂಪಿನಿಂದ ಮೇಲೇರುವ ನೀರಾದರೆ ಒಳಗಿನ ಸೋರಿಕೆ ಮೀಟರಿನಲ್ಲಿ ಕಾಣಿಸುವುದಿಲ್ಲ. ಹಾಗಾಗಿ ರಾತ್ರಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಪಂಪು ಹಾಕದೆ, ನಲ್ಲಿ ಮುಟ್ಟದೆ ಬೆಳಗ್ಗೆ ನೋಡಿ. ಫ್ಲಶ್ ಟ್ಯಾಂಕಿನ ಆ್ಯಂಗಲ್ ಕಾಕ್ ಮುಚ್ಚಿರಲಿ. ಇಲ್ಲದಿದ್ದರೆ ಅದರ ಸೋರಿಕೆಯೂ ಗೋಡೆಯ ಲೆಕ್ಕಕ್ಕೆ ಬೀಳುತ್ತದೆ. ಮಟ್ಟ ಇಳಿದಿದ್ದರೆ, ಮಾರನೆಯ ರಾತ್ರಿ ಆ ಬಚ್ಚಲಿನ ವಾಲ್ವ್ ಮುಚ್ಚಿ ಮತ್ತೆ ನೋಡಿ. ಈಗ ಇಳಿಯದಿದ್ದರೆ ತಪ್ಪಿರುವುದು ಆ ಲೈನಿನಲ್ಲೇ. ತೊಟ್ಟಿಕ್ಕುವ ಸಣ್ಣ ಸೋರಿಕೆ ಅಗಲವಾದ ಟ್ಯಾಂಕಿನಲ್ಲಿ ಗೊತ್ತಾಗುವುದಿಲ್ಲ. ಆಗ ನಲ್ಲಿಗಳ ಜಾಗಕ್ಕೆ ಡಮ್ಮಿ ಹಾಕಿ, ಪ್ಲಂಬರ್‌ನ ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು.

ಬಕೆಟ್ ಇಡುವ ನಲ್ಲಿಯ ಹಿಂದೆ, ಮೊಣಕಾಲೆತ್ತರದಲ್ಲಿ ತೇವ ಎದ್ದಿದೆ, ಪೈಪು ಸಿಪಿವಿಸಿ ಎಂದುಕೊಳ್ಳೋಣ. ನೀರು ಇಟ್ಟಿಗೆಯೊಳಗೆ ಹರಿದು ಕೆಳಗಿಳಿಯುವುದರಿಂದ, ಸೋರುವ ಜಾಗ ಕಲೆಗಿಂತ ಮೇಲೆ ಇರುವುದೇ ಹೆಚ್ಚು. ಆದರೂ ಮೊದಲು ನಲ್ಲಿ ಬಿಚ್ಚಿ, ಫ್ಲ್ಯಾಂಜ್ ಸರಿಸಿ, ಟಾರ್ಚ್ ಬಿಟ್ಟು ನೋಡಿ. ಮರೆಯಲ್ಲಿ ಮರೆಯ ದಾರದಿಂದಲೇ ನೀರು ಒಸರುತ್ತಿದ್ದರೆ ಹೊಸ ಟೆಫ್ಲಾನ್ ಟೇಪ್ ಸುತ್ತಿದರೆ ಸಾಕು, ಒಂದು ಟೈಲನ್ನೂ ಒಡೆಯಬೇಕಿಲ್ಲ. ನಲ್ಲಿಯನ್ನು ಅತಿಯಾಗಿ ಬಿಗಿದು, ಒಳಗಿನ ಎಲ್ಬೋ ಸೀಳಿದ್ದರೆ ಮಾತ್ರ ಗೋಡೆಗೆ ಕೈ ಹಾಕಬೇಕು.

ಬಚ್ಚಲಿನ ಟೈಲ್ ಜೊತೆಗೆ ಹೊಂದುವ ತುಂಡು ಮನೆಯಲ್ಲಿ ಉಳಿದಿಲ್ಲದಿದ್ದರೆ, ಕೋಣೆಯ ಕಡೆಯಿಂದ ಒಡೆಯುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಗೋಡೆ ನಾಲ್ಕೂವರೆ ಇಂಚಿನದಾದರೆ ಅರ್ಧ ಇಟ್ಟಿಗೆ ತೆಗೆದರೆ ಪೈಪು ಸಿಗುತ್ತದೆ. ಪ್ಲಾಸ್ಟರ್ ಮತ್ತು ಬಣ್ಣ ಎಲ್ಲೂ ಸಿಗುತ್ತವೆ. ಒಂಬತ್ತಿಂಚಿನ ಗೋಡೆಗೆ ಈ ದಾರಿ ಸಲ್ಲದು. ಟೈಲ್ ಕಡೆಯಿಂದಲೇ ಹೋಗಬೇಕಾದರೆ, ಆ ಒಂದು ಟೈಲಿನ ಸುತ್ತಲಿನ ಗ್ರೌಟನ್ನು ಮೊದಲು ಪೂರ್ತಿ ಕೆರೆದು ತೆಗೆಯಿರಿ. ಆಗ ಉಳಿಯ ಪೆಟ್ಟು ಪಕ್ಕದ ಟೈಲಿಗೆ ದಾಟುವುದಿಲ್ಲ. ಗೀಸರಿನ ವೈರು ಅದೇ ಗೋಡೆಯಲ್ಲಿದ್ದರೆ ಎಂಸಿಬಿ ಇಳಿಸಿರಬೇಕು. ಪೈಪು ಹತ್ತಿರವಾದಂತೆ ಡ್ರಿಲ್ ಬಿಟ್ಟು ಕೈ ಉಳಿ ಹಿಡಿಯಿರಿ.

ಪೈಪು ಕಂಡ ಮೇಲೆ ಅದರ ಆಕಾರವೇ ಮದ್ದನ್ನು ನಿರ್ಧರಿಸುತ್ತದೆ. ಕ್ಲ್ಯಾಂಪು ಹಿಡಿಯುವುದು ನೇರ ಪೈಪನ್ನು ಮಾತ್ರ. ಹಳೆಯ ಜಿಐ ಪೈಪು ದಾರದ ಪಕ್ಕದಲ್ಲಿ ತುಕ್ಕು ಹಿಡಿದು ಸೂಜಿತೂತು ಬಿದ್ದಿದ್ದರೆ, ಸೈಕಲ್ ಟ್ಯೂಬಿನ ತುಂಡು ಸುತ್ತಿ ಎರಡು ಹೋಸ್ ಕ್ಲಿಪ್ ಬಿಗಿದರೂ ಕೆಲವು ದಿನ ತಡೆಯುತ್ತದೆ. ಎಲ್ಬೋ ಅಥವಾ ಟೀ ಉಬ್ಬಿರುವುದರಿಂದ ರಬ್ಬರ್ ಅಲ್ಲಿ ಸಮನಾಗಿ ಕೂರುವುದಿಲ್ಲ. ನಮ್ಮ ಉದಾಹರಣೆಯ ಎಲ್ಬೋಗೆ ಬೇಕಾದದ್ದು ಎರಡು ಭಾಗದ ಎಪಾಕ್ಸಿ, ಅಂದರೆ ಎಲ್ಲರೂ ಬಲ್ಲ ಎಂ-ಸೀಲ್‌ನಂಥ ಅಂಟು.

ಎಪಾಕ್ಸಿ ಕೆಡುವುದು ಬಹುಪಾಲು ತೇವದಿಂದ. ವಾಲ್ವ್ ಮುಚ್ಚಿದ ಮೇಲೂ ಲೈನಿನಲ್ಲಿ ಉಳಿದ ನೀರು ತೊಟ್ಟಿಕ್ಕುತ್ತಿರುತ್ತದೆ. ಒಂದೇ ಹನಿ ಹಸಿ ಅಂಟಿನೊಳಗೆ ದಾರಿ ಕೊರೆದು ಹೊರಬರುತ್ತದೆ, ಅದು ಗಟ್ಟಿಯಾದಾಗ ಆ ದಾರಿ ಹಾಗೇ ಉಳಿಯುತ್ತದೆ. ಆದ್ದರಿಂದ ಅದಕ್ಕಿಂತ ಕೆಳಗಿನ ನಲ್ಲಿ ತೆರೆದು ಲೈನ್ ಖಾಲಿ ಮಾಡಿ, ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್‌ನ ಗಾಳಿ ಬಿಟ್ಟು ಒಣಗಿಸಿ. ಹೊಳಪು ಹೋಗುವವರೆಗೆ ಮರಳುಕಾಗದದಿಂದ ಉಜ್ಜಿ. ಎರಡು ಭಾಗಗಳನ್ನು ಸಮವಾಗಿ ತೆಗೆದು, ಬಣ್ಣದ ಗೆರೆ ಪೂರ್ತಿ ಮಾಯವಾಗುವವರೆಗೆ ನಾದಿ, ಸೀಳಿನ ಮೇಲಷ್ಟೇ ಅಲ್ಲ, ಎಲ್ಬೋದ ಸುತ್ತಲೂ ಒತ್ತಿ. ರಾತ್ರಿಯಿಡೀ ಬಿಟ್ಟು ನೀರು ಕೊಡಿ. ಬಿಸಿನೀರಿನ ಸಿಪಿವಿಸಿ ಹಿಗ್ಗಿ ಕುಗ್ಗುವುದರಿಂದ ಅಲ್ಲಿ ಈ ಅಂಟು ಬೇಗ ಬಿಡುತ್ತದೆ. ಪಿಪಿಆರ್ ಪೈಪಿಗೆ ಅಂಟು ಹಿಡಿಯುವುದೇ ಇಲ್ಲ. ಅದನ್ನು ಕಾಯಿಸಿ ಬೆಸೆಯಲೇಬೇಕು.

ಇದೆಲ್ಲ ಹೊಸ ಎಲ್ಬೋ ತಂದು, ಪ್ಲಂಬರ್ ಬರುವವರೆಗಿನ ಏರ್ಪಾಡು. ಕಿಂಡಿ ತೆರೆದೇ ಇರಲಿ. ಅಂಟಿನ ಮೇಲೆ ಟೈಲ್ ಮುಚ್ಚಿದರೆ, ಅದು ಬಿಟ್ಟ ದಿನ ಗೋಡೆ ಮತ್ತೆ ನೆನೆದ ಮೇಲೇ ತಿಳಿಯುತ್ತದೆ.

ಕಾಯಂ ಕೆಲಸದಲ್ಲಿ ತೊಡಕು ಪೈಪು ಅಲುಗಾಡದಿರುವುದು. ಹಳೆಯ ಎಲ್ಬೋ ಕತ್ತರಿಸಿ ಹೊಸದನ್ನು ಸೇರಿಸಲು ಪೈಪು ಸ್ವಲ್ಪ ಬಾಗಬೇಕು, ಅದಕ್ಕೆ ಸುಮಾರು ಒಂದು ಅಡಿ ಉದ್ದ ಗಾರೆಯಿಂದ ಬಿಡಿಸಿಕೊಳ್ಳಬೇಕಾಗಬಹುದು. ಆ ಒಂದಡಿಗೆ ಜಿಪುಣತನ ಮಾಡಿದರೆ ಕೀಲು ಓರೆಯಾಗಿ ಕೂತು ಮತ್ತೆ ಸೋರುತ್ತದೆ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಸಿಪಿವಿಸಿ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸಿ ತಳದವರೆಗೆ ಒತ್ತಿ ಹಿಡಿಯಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿದ ಮೇಲೆ ಒತ್ತಡ ಕೊಟ್ಟು, ಕೀಲಿಗೆ ಟಿಶ್ಯೂ ಕಾಗದ ಸುತ್ತಿ ಒಂದು ದಿನ ಬಿಡಿ. ಕಾಗದ ಒಣಗಿಯೇ ಇದ್ದರೆ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಪೈಪಿನ ಫೋಟೋ ತೆಗೆದು, ಕಿಂಡಿ ಮುಚ್ಚಿ. ಕೋಣೆಯ ಗೋಡೆ ಪೂರ್ತಿ ಒಣಗಲು ವಾರಗಳೇ ಬೇಕು. ಅಲ್ಲಿಯವರೆಗೆ ಬಣ್ಣ ಬಳಿಯಬೇಡಿ.